ಕಾರಣ ಬರೆಯದ ಇಮೇಲ್

ಆ ಶಾಲೆಯ ಪ್ರಿನ್ಸಿಪಾಲರನ್ನು ಮಕ್ಕಳು ಬೆನ್ನ ಹಿಂದೆ 'ಕಾರಣ ಮೇಡಂ' ಎಂದು ಕರೆಯುತ್ತಿದ್ದರು. ಎದುರಿಗೆ ಕರೆಯುವ ಎದೆಗಾರಿಕೆ ಯಾರಿಗಿತ್ತು? ತಡವಾಗಿ ಬಂದ ಹುಡುಗಿಗೆ, ರಜೆ ಕೇಳಿದ ಮೇಷ್ಟರಿಗೆ, ಫ್ಯಾನು ಕೆಟ್ಟಿದೆ ಎಂದು ಬಂದು ನಿಂತ ಜವಾನನಿಗೆ, ಎಲ್ಲರಿಗೂ ಅವರದು ಒಂದೇ ಪ್ರಶ್ನೆ: "ಕಾರಣ?" ಬೈಗುಳವಿಲ್ಲ, ಬೆತ್ತವಿಲ್ಲ. ಕನ್ನಡಕವನ್ನು ಮೂಗಿನ ತುದಿಗಿಳಿಸಿ, ಆ ಒಂದು ಮಾತು ಕೇಳಿ, ಉತ್ತರಕ್ಕಾಗಿ ಸುಮ್ಮನೆ ಕಾಯುತ್ತಿದ್ದರು. ಆ ಕಾಯುವಿಕೆಗಿಂತ ಎರಡೇಟು ಬಿದ್ದಿದ್ದರೇ ಚೆನ್ನಾಗಿತ್ತು ಎನಿಸುತ್ತಿತ್ತು. ಸುಳ್ಳು ಹೇಳಲು ತಯಾರಾಗಿ ಬಂದವರೂ ಅರ್ಧದಲ್ಲಿ ತೊದಲಿ ನಿಜವನ್ನೇ ಕಕ್ಕಿಬಿಡುತ್ತಿದ್ದರು.

ಮನೆಯಲ್ಲೂ ಅದೇ ಕಥೆ. ಹಾಲು ತರುವುದನ್ನು ಮರೆತ ಯಜಮಾನರು ಒಮ್ಮೆ ಕೈಮುಗಿದು, "ಮಾರಾಯ್ತಿ, ನಾನು ನಿನ್ನ ಗಂಡ ಕಣೇ, ಏಳನೇ ಕ್ಲಾಸಿನ ಹುಡುಗ ಅಲ್ಲ" ಎಂದಿದ್ದರು. ಅವರಿಗೂ ಕಾರಣ ಹೇಳದೆ ಬಿಡುಗಡೆ ಸಿಕ್ಕಿರಲಿಲ್ಲ.

ಆದರೆ ಒಂದು ಮಾತು ಒಪ್ಪಬೇಕು. ಬೇರೆಯವರಿಂದ ಕೇಳಿದಷ್ಟನ್ನು ಈಯಮ್ಮ ತಾವೂ ಕೊಡುತ್ತಿದ್ದರು. ಅವರ ಕೋಣೆಯಿಂದ ಹೊರಟ ಯಾವ ಸುತ್ತೋಲೆಯೂ 'ಕಾರಣ' ಎಂಬ ಸಾಲಿಲ್ಲದೆ ಹೊರಟದ್ದಿಲ್ಲ. ನೀರಿನ ಟ್ಯಾಂಕು ತೊಳೆಯಲು ಅರ್ಧ ದಿನ ರಜೆ ಕೊಟ್ಟರೂ, ಟ್ಯಾಂಕಿನಲ್ಲಿ ಏನು ಸಿಕ್ಕಿತೆಂದು ಬರೆಯುತ್ತಿದ್ದರು. ಹಾಗಾಗಿಯೇ ಪೋಷಕರು ಅವರನ್ನು ನಂಬುತ್ತಿದ್ದರು. ಮೇಡಂ ಏನಾದರೂ ಮಾಡಿದ್ದಾರೆ ಎಂದರೆ ಅದಕ್ಕೊಂದು ಕಾರಣವಿದೆ, ಕೇಳಿದರೆ ಹೇಳುತ್ತಾರೆ ಎಂಬ ನಂಬಿಕೆ. ಇಷ್ಟು ವರ್ಷದ ನೌಕರಿಯಲ್ಲಿ ಅವರು ಗಳಿಸಿದ ಆಸ್ತಿ ಅದೊಂದೇ. ಅದನ್ನು ಕಳೆದುಕೊಳ್ಳುವ ಪ್ರಸಂಗ ಬಂದದ್ದು ಒಂದು ಆ್ಯಪ್‌ನಿಂದ.

ಶಾಲೆಯಿಂದ ಪೋಷಕರಿಗೆ ಸಂದೇಶ ಕಳಿಸಲು ಆ ವರ್ಷ ಹೊಸ ಆ್ಯಪ್ ಬಂದಿತ್ತು. ಮಾಡಿಕೊಟ್ಟವನು ಅವರದೇ ಹಳೆಯ ವಿದ್ಯಾರ್ಥಿ. ಈಗ ತಲೆಗೂದಲು ಹಿಂದೆ ಸರಿಯುತ್ತಿದ್ದ, ಎರಡು ಮಕ್ಕಳ ತಂದೆಯಾದ ಡೆವಲಪರ್. ಒಬ್ಬ ಪಾಲುದಾರನ ಜೊತೆ ಸೇರಿ ಸಣ್ಣ ಕಂಪನಿ ನಡೆಸುತ್ತಿದ್ದ. ಆ್ಯಪ್ ಬಂದು ಮೂರು ತಿಂಗಳಾದ ಮೇಲೆ ಪ್ರಿನ್ಸಿಪಾಲರು ಪೋಷಕರನ್ನೂ ಶಿಕ್ಷಕರನ್ನೂ ಕರೆದು ಅಭಿಪ್ರಾಯ ಕೇಳಿದರು. ದೂರುಗಳ ಸುರಿಮಳೆಯೇ ಆಯಿತು. ಹೊತ್ತಲ್ಲದ ಹೊತ್ತಿನಲ್ಲಿ ಟಿಂಗ್ ಎನ್ನುತ್ತದೆ ಎಂದರು ಕೆಲವರು. ಒಬ್ಬರು 'ಓಕೆ' ಎಂದರೆ ಮೂವತ್ತು ಜನರೂ 'ಓಕೆ' ಎನ್ನುತ್ತಾರೆ, ಅಸಲಿ ವಿಷಯ ಎಲ್ಲೋ ಮುಳುಗಿಹೋಗುತ್ತದೆ ಎಂದರು ಇನ್ನು ಕೆಲವರು. ಶಿಕ್ಷಕರ ಗೋಳು ಬೇರೆ. ಸಂದೇಶ ತಲುಪಿದರೂ ಪೋಷಕರು ಕಣ್ಣೆತ್ತಿ ನೋಡುವುದಿಲ್ಲ, ಕೇಳಿದರೆ 'ನಮಗೆ ಬಂದೇ ಇಲ್ಲ' ಎನ್ನುತ್ತಾರೆ, ನಿಜವಾಗಿ ನೋಡಿದವರು ಯಾರೆಂದು ನಮಗೆ ಗೊತ್ತಾಗಬೇಕು ಎಂದು ಆರು ಜನ ಪಟ್ಟು ಹಿಡಿದರು.

ಎಲ್ಲರೂ ಎದ್ದು ಹೋದ ಮೇಲೆ ಒಬ್ಬರು ಮಾತ್ರ ಉಳಿದರು. ಏಳನೇ ತರಗತಿಯ ಹುಡುಗಿಯೊಬ್ಬಳ ತಾಯಿ, ಪೋಷಕರ ಪ್ರತಿನಿಧಿ. ಮುಖ್ಯರಸ್ತೆಯ ತಿರುವಿನಲ್ಲಿ ಟೈಲರ್ ಅಂಗಡಿ ಇಟ್ಟಿದ್ದರಿಂದ ಊರಿಗೆಲ್ಲ ಟೈಲರಮ್ಮ. ಅವರ ಬಾಯಿ ಅಂದರೆ ಬಾಯಿ. ಶಾಲಾ ಬಸ್ಸಿನ ಕಂಟ್ರಾಕ್ಟರನನ್ನು ಒಂದೇ ಸಭೆಯಲ್ಲಿ ಬೆವರಿಳಿಸಿ ದಾರಿಗೆ ತಂದಿದ್ದರು. ಅವರನ್ನು ಪ್ರತಿನಿಧಿ ಮಾಡಿದ್ದೇ ಆ ಬಾಯಿಗೆ.

"ಮೇಡಂ, ಬಾಗಿಲು ಹಾಕ್ಲಾ?" ಎಂದರು ಟೈಲರಮ್ಮ. ಹಾಕಿಯೇ ಕೇಳಿದರು. ಕುರ್ಚಿ ಎಳೆದುಕೊಂಡು ಕೂತು, ಸ್ವಲ್ಪ ಹೊತ್ತು ಬಳೆ ತಿರುಗಿಸುತ್ತಾ ಇದ್ದರು. "ನನಗೂ ಒಂದು ಬದಲಾವಣೆ ಬೇಕು. ಸಭೇಲಿ ಹೇಳೋ ಹಾಗಿರ್ಲಿಲ್ಲ. ಆ ಆ್ಯಪ್ಪು ಸಂದೇಶನ ಬಾಯಿಬಿಟ್ಟು ಹೇಳೋ ಹಾಗೆ ಮಾಡಕ್ಕಾಗುತ್ತಾ?"

"ಯಾಕಾಗಲ್ಲ? ಕಾರ..." ಎಂದವರು, ಎದುರಿನ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದರು.

"ನನಗೆ ಅಂಕಿ ಬರುತ್ತೆ ಮೇಡಂ. ಟೇಪಿನ ಮೇಲಿರೋದೆಲ್ಲ ಅಂಕಿನೇ ತಾನೆ. ಸಹಿ ಬರುತ್ತೆ. ಅಕ್ಷರ ಬರಲ್ಲ." ಹೇಳಿಬಿಟ್ಟ ಮೇಲೆ ಅವರ ದನಿ ಇಳಿಯಿತು. "ನಮ್ಮನೆಯವರು ಲಾರಿ ಓಡಿಸ್ತಾರೆ, ತಿಂಗಳಿಗೊಂದ್ಸಲ ಬರ್ತಾರೆ. ಶಾಲೆಯಿಂದ ಬಂದಿದ್ದನ್ನೆಲ್ಲ ಮಗಳೇ ಓದಿ ಹೇಳೋದು. ತನಗೆ ಬೇಕಾದ್ದು ಹೇಳ್ತಾಳೆ, ಬೇಡದ್ದು ನುಂಗ್ತಾಳೆ. ಹೋದ ತಿಂಗಳು ನೀವು ನನ್ನನ್ನ ಕರೆಸಿದ್ರಂತೆ, ನಾನು ಬರಲಿಲ್ಲ ಅಂತ ಗಣಿತದ ಟೀಚರ್ ಮುಖ ತಿರುಗಿಸ್ಕೊಂಡ್ರು. ನನಗೆ ಗೊತ್ತಾಗಿದ್ರೆ ತಾನೆ ಬರೋದು? ನನ್ನ ಮಗಳ ವಿಷಯ ನನಗೇ ಕೊನೇಲಿ ತಿಳಿಯುತ್ತೆ ಮೇಡಂ. ಅದೂ ತಿಳಿದ್ರೆ."

"ಯಾರಿಗೆ ಗೊತ್ತು ಈ ವಿಷಯ?"

"ಅವರಿಗೆ, ಮಗಳಿಗೆ, ಈಗ ನಿಮಗೆ. ನಾಲ್ಕನೆಯವರಿಗೆ ಗೊತ್ತಾದ್ರೆ ಮುಗೀತು. ನನ್ನನ್ನ ಏನಾದ್ರೂ ಅನ್ನಲಿ, ಅವಳನ್ನ ಆಡಿಕೊಳ್ತಾರೆ. ಆ ವಯಸ್ಸು ನಿಮಗೆ ಗೊತ್ತಲ್ಲ, ಶಾಲೆಗೇ ಬರಲ್ಲ ಅಂತ ಕೂತುಬಿಡ್ತಾಳೆ."

ಪ್ರಿನ್ಸಿಪಾಲರು ಮೇಜಿನ ಮೇಲೆ ಕೈಚಾಚಿ ಆ ಬಳೆಯ ಕೈಯನ್ನು ಹಿಡಿದುಕೊಂಡರು. "ನನ್ನ ಬಾಯಿಂದ ಈ ಮಾತು ಹೊರಗೆ ಹೋಗಲ್ಲಮ್ಮ" ಎಂದರು. ಮಾತು ಕೊಡುವುದು ನೀರು ಕುಡಿದಷ್ಟು ಸುಲಭ. ಅದನ್ನು ಉಳಿಸಿಕೊಳ್ಳುವುದು ಎಷ್ಟು ದುಬಾರಿ ಎಂದು ಆಗ ಅವರಿಗೆ ತಿಳಿದಿರಲಿಲ್ಲ.

ಮರುದಿನ ಬೆಳಿಗ್ಗೆ, ಪ್ರಾರ್ಥನೆ ಮುಗಿದು ಮಕ್ಕಳು ತರಗತಿಗೆ ಹೋಗುತ್ತಲೇ, ಅವರು ಡೆವಲಪರ್‌ಗೆ ಇಮೇಲ್ ಬರೆಯಲು ಕೂತರು. ಎರಡು ಬೆರಳಲ್ಲಿ ಟೈಪು ಮಾಡುವವರು, ಆದರೆ ಒಂದು ಅಲ್ಪವಿರಾಮವನ್ನೂ ಬಿಡದವರು.

'ವಿಷಯ: ಪೋಷಕರ ಆ್ಯಪ್‌ನಲ್ಲಿ ಬೇಕಾದ ಬದಲಾವಣೆಗಳು. ಪೋಷಕರು ಮತ್ತು ಶಿಕ್ಷಕರಿಂದ ಬಂದ ಅಭಿಪ್ರಾಯಗಳನ್ನು ಆಧರಿಸಿ ಈ ಕೆಳಗಿನ ಬದಲಾವಣೆಗಳನ್ನು ಕೋರುತ್ತೇನೆ.

ಒಂದು. ರಾತ್ರಿ ಎಂಟರ ನಂತರ ಶಿಕ್ಷಕರು ಕಳಿಸಿದ ಸಂದೇಶಗಳು ಮರುದಿನ ಬೆಳಿಗ್ಗೆಯೇ ತಲುಪಲಿ. ನಾನು ತುರ್ತು ಎಂದು ಗುರುತಿಸಿದ್ದು ಮಾತ್ರ ಕೂಡಲೇ ಹೋಗಲಿ. ಕಾರಣ: ದಿನವಿಡೀ ದುಡಿದು ಬೇಗ ಮಲಗುವ ಮನೆಗಳಿವೆ.

ಎರಡು. ಪೋಷಕರ ಉತ್ತರ ತರಗತಿಯ ಶಿಕ್ಷಕರಿಗೆ ಮಾತ್ರ ಹೋಗಲಿ, ಇಡೀ ಗುಂಪಿಗಲ್ಲ. ಕಾರಣ: ಉತ್ತರಗಳ ರಾಶಿಯಲ್ಲಿ ಮೂಲ ಸಂದೇಶ ಕಳೆದುಹೋಗುತ್ತಿದೆ.

ಮೂರು. ಪ್ರತಿ ಸಂದೇಶದ ಕೆಳಗೆ ಒಂದು ಗುಂಡಿ ಇರಲಿ. ಒತ್ತಿದರೆ ಸಂದೇಶವನ್ನು ಗಟ್ಟಿಯಾಗಿ ಓದಿ ಹೇಳಲಿ. ಕಾರಣ: ಕೆಲಸದ ನಡುವೆ ಇರುವ ಪೋಷಕರ ಕೈಗೂ ಕಣ್ಣಿಗೂ ಬಿಡುವಿರುವುದಿಲ್ಲ.

ನಾಲ್ಕು. ಸಂದೇಶ ತಲುಪಿದ್ದಷ್ಟೇ ಅಲ್ಲದೆ, ಪೋಷಕರು ಅದನ್ನು ನಿಜವಾಗಿ ಗಮನಿಸಿದರೇ ಎಂಬುದು ಶಿಕ್ಷಕರಿಗೆ ತಿಳಿಯುವಂತಿರಲಿ. ಕಾರಣ: "ನಾವು ನೋಡಿಲ್ಲ" ಎಂಬ ಉತ್ತರಕ್ಕೆ ಶಿಕ್ಷಕರ ಬಳಿ ಮರುಮಾತಿಲ್ಲ.

ಮೊದಲು ಏಳನೇ ತರಗತಿಯ ಪೋಷಕರಿಗೆ ಮಾತ್ರ ಪ್ರಯೋಗವಾಗಿ ಕೊಟ್ಟು, ಸರಿಹೋದರೆ ಎಲ್ಲರಿಗೂ ವಿಸ್ತರಿಸಬಹುದು.'

ಮೂರನೆಯದಕ್ಕೆ ಬರೆದ ಕಾರಣ ಸುಳ್ಳೇನಲ್ಲ. ಪೂರ್ತಿ ನಿಜವೂ ಅಲ್ಲ. ಅದನ್ನು ಅವರು ಎರಡು ಸಲ ಅಳಿಸಿ ಎರಡು ಸಲ ಬರೆದರು. ಏಳನೇ ತರಗತಿಯಿಂದಲೇ ಪ್ರಯೋಗ ಶುರುವಾಗಲಿ ಎಂದದ್ದೂ ಟೈಲರಮ್ಮನಿಗೆ ಬೇಗ ಅನುಕೂಲವಾಗಲಿ ಎಂದೇ. ಕಳಿಸು ಎಂಬುದನ್ನು ಒತ್ತಿದಾಗ ತಮ್ಮ ಜಾಣತನಕ್ಕೆ ತಾವೇ ತಲೆದೂಗಿದರು.

ಹುಡುಗ ಚುರುಕು. ಕೆಲವೇ ವಾರದಲ್ಲಿ ಹೊಸ ಆವೃತ್ತಿ ಏಳನೇ ತರಗತಿಯ ಪೋಷಕರ ಫೋನುಗಳಿಗೆ ಬಂತು. ಟೈಲರಮ್ಮ ಅಂಗಡಿಯಿಂದಲೇ ಫೋನು ಮಾಡಿ, ಹೊಲಿಗೆ ಯಂತ್ರದ ಸದ್ದಿನ ನಡುವೆ, "ಮಾತಾಡ್ತು ಮೇಡಂ! ಸ್ವಲ್ಪ ಮೂಗಲ್ಲಿ ಮಾತಾಡುತ್ತೆ, ಆದ್ರೂ ಮಾತಾಡ್ತು!" ಎಂದರು. ಆ ದಿನವೆಲ್ಲ ಪ್ರಿನ್ಸಿಪಾಲರು ಯಾರನ್ನೂ ಕಾರಣ ಕೇಳಲಿಲ್ಲ ಎಂದು ಜವಾನ ಇಂದಿಗೂ ಹೇಳುತ್ತಾನೆ.

ಮುಂದಿನ ವಾರ, ಮಧ್ಯಾಹ್ನದ ಊಟದ ಬಿಡುವಿನಲ್ಲಿ ಗಣಿತದ ಟೀಚರ್ ಅವರ ಕೋಣೆಗೆ ಬಂದರು. ಏಳನೇ ತರಗತಿಯ ಉಸ್ತುವಾರಿ ಅವರದೇ. ಒಳ್ಳೆಯ ಹೆಂಗಸು, ಪಾಠದಲ್ಲಿ ಎತ್ತಿದ ಕೈ, ಆದರೆ ಎಲ್ಲಿ ಏನಿದೆ ಎಂದು ಕೆದಕಿ ನೋಡದಿದ್ದರೆ ಉಂಡ ಅನ್ನ ಅರಗುತ್ತಿರಲಿಲ್ಲ. ಅವರಿಗೊಂದು ಪದ್ಧತಿ ಇತ್ತು: ವಾರದ ಕೊನೆಯ ಪಿರಿಯಡ್‌ನಲ್ಲಿ ತಮ್ಮ ಫೋನಿನ ಪಟ್ಟಿಯನ್ನು ತರಗತಿಯ ದೊಡ್ಡ ಪರದೆಗೆ ಹಾಕಿ, ಯಾರ ಮನೆಯಿಂದ ಸಂದೇಶಕ್ಕೆ ಉತ್ತರ ಬಂದಿಲ್ಲವೋ ಆ ಮಕ್ಕಳನ್ನು ಎದ್ದು ನಿಲ್ಲಿಸುವುದು. ಮಕ್ಕಳು ನಾಚಿಕೆಗೆ ಮನೆಗೆ ಹೋಗಿ ತಾವೇ ಅಪ್ಪ ಅಮ್ಮನ ಜೀವ ತಿಂದು ಉತ್ತರ ಕೊಡಿಸುತ್ತಿದ್ದರು. ಪ್ರಿನ್ಸಿಪಾಲರಿಗೆ ಇದು ಹಿಡಿಸಿರಲಿಲ್ಲ, ಆದರೆ ಕೆಲಸ ಆಗುತ್ತಿದೆಯಲ್ಲ ಎಂದು ಸುಮ್ಮನಿದ್ದರು.

"ಮೇಡಂ, ಹೊಸ ಪಟ್ಟಿ ಬಹಳ ಚೆನ್ನಾಗಿದೆ" ಎಂದು ಟೀಚರ್ ಫೋನು ಮುಂದೆ ಹಿಡಿದರು. "ನೋಡಿ, ಓದಿದ್ದರೆ ಕಣ್ಣಿನ ಗುರುತು. ಆ ಓದಿ ಹೇಳೋ ಗುಂಡಿ ಒತ್ತಿದ್ರೆ ಕಿವಿಯ ಗುರುತು. ಮೊದಲು ಬಿದ್ದ ಗುರುತೇ ಉಳಿಯುತ್ತೆ. ಒಂದು ತಮಾಷೆ ನೋಡಿ, ನಮ್ಮ ಟೈಲರಮ್ಮನ ಹೆಸರಿನ ಮುಂದೆ ಬರೀ ಕಿವಿ. ಎಲ್ಲಾ ಸಂದೇಶಕ್ಕೂ ಕಿವಿ. ಒಂದಕ್ಕಾದ್ರೂ ಕಣ್ಣಿಲ್ಲ. ಯಾಕಿರಬಹುದು ಮೇಡಂ?"

ಪ್ರಿನ್ಸಿಪಾಲರು ಫೋನನ್ನು ಹತ್ತಿರ ಎಳೆದುಕೊಂಡು ನೋಡಿದರು. ಅವರು ಬರೆದ ಮೂರನೆಯದೂ ನಾಲ್ಕನೆಯದೂ ಅಕ್ಕಪಕ್ಕ ಕೂತು ಸಂಸಾರ ಹೂಡಿ ಈ ಕಿವಿಯನ್ನು ಹೆತ್ತಿದ್ದವು. ಓದಿ ಹೇಳಲಿ ಎಂದವರೂ ಇವರೇ, ಗಮನಿಸಿದರೇ ಎಂದು ತಿಳಿಯಲಿ ಎಂದವರೂ ಇವರೇ. ಹುಡುಗ ಎರಡನ್ನೂ ಶ್ರದ್ಧೆಯಿಂದ ಮಾಡಿದ್ದ.

"ಅವರ ಕೈಲಿ ಯಾವಾಗಲೂ ಕತ್ತರಿ ಇರುತ್ತಲ್ಲ, ಓದೋಕೆ ಪುರುಸೊತ್ತೆಲ್ಲಿ?" ಎಂದರು. ದನಿ ತಮ್ಮದೇ ಎನಿಸಲಿಲ್ಲ.

"ಅಂಗಡಿ ಮುಚ್ಚಿದ ಮೇಲೂ ಕಿವಿನೇ ಇದೆ ಮೇಡಂ. ನಾಳೆ ಹೊಲಿಯೋಕೆ ಕೊಟ್ಟಿದ್ದು ತರೋಕೆ ಹೋಗ್ಬೇಕು, ಅವರನ್ನೇ ಕೇಳ್ತೀನಿ ಬಿಡಿ. ಇವತ್ತು ಕೊನೇ ಪಿರಿಯಡ್ ಹೇಗೂ ಪರದೆ ಮೇಲೆ ಹಾಕ್ತೀನಲ್ಲ, ಮಗಳನ್ನೂ ಕೇಳಬಹುದು."

"ಇವತ್ತು ಪರದೆ ಮೇಲೆ ಹಾಕ್ಬೇಡಿ."

"ಕಾರಣ, ಮೇಡಂ?" ಎಂದರು ಟೀಚರ್. ತಮಾಷೆಗಲ್ಲ. ಆ ಶಾಲೆಯಲ್ಲಿ ಆ ಪ್ರಶ್ನೆ ಕೇಳುವುದು ಉಸಿರಾಡಿದಷ್ಟೇ ಸಹಜವಾಗಿತ್ತು.

ಪ್ರಿನ್ಸಿಪಾಲರು ಗೋಡೆಯ ವೇಳಾಪಟ್ಟಿಯತ್ತ ತಿರುಗಿದರು. "ಕೊನೇ ಪಿರಿಯಡ್ ನಾನೇ ತಗೊಳ್ತೀನಿ. ಮಕ್ಕಳ ಹತ್ತಿರ ಮಾತಾಡಿ ಬಹಳ ದಿನ ಆಯ್ತು."

"ಒಳ್ಳೇದಾಯ್ತು. ಹಾಗಾದ್ರೆ ನಾನು ಸ್ಟಾಫ್ ರೂಮಲ್ಲಿ ಉಳಿದವರಿಗೆಲ್ಲ ಈ ಪಟ್ಟಿ ತೋರಿಸ್ತೀನಿ. ಆರು ಜನ ಕೇಳಿದ್ರಲ್ಲ, ಖುಷಿ ಪಡ್ತಾರೆ."

ಟೀಚರ್ ಹೊರಗೆ ಹೋದರು. ತರಗತಿಯ ಪರದೆ ತಪ್ಪಿಸಿದರೆ ಸ್ಟಾಫ್ ರೂಮು, ಸ್ಟಾಫ್ ರೂಮು ತಪ್ಪಿಸಿದರೆ ಟೈಲರ್ ಅಂಗಡಿ. ಶಾಲೆಯ ಅರ್ಧ ಜನ ಬಟ್ಟೆ ಹೊಲಿಸುವುದು ಅಲ್ಲಿಯೇ. ಒಬ್ಬರ ಬಾಯಿ ಮುಚ್ಚಿಸಿ ಪ್ರಯೋಜನವಿಲ್ಲ, ಆ ಗುರುತೇ ಹೋಗಬೇಕು. ಬಾಗಿಲು ಹಾಕಿ ಡೆವಲಪರ್‌ಗೆ ಫೋನು ಮಾಡಿದರು.

"ಆ ಕಿವಿಯ ಗುರುತು ತೆಗೆದುಬಿಡಪ್ಪ. ಕಣ್ಣಿಗೂ ಕಿವಿಗೂ ಒಂದೇ ಗುರುತು ಇರಲಿ. ಎಷ್ಟು ಹೊತ್ತು ಬೇಕು?"

"ಕೆಲಸ ಸಣ್ಣದು ಮೇಡಂ. ಪಟ್ಟಿ ನಮ್ಮ ಸರ್ವರ್‌ನಿಂದ ಹೋಗೋದು. ಆ್ಯಪ್ ಬದಲಾಯಿಸೋದೇ ಬೇಡ. ಸರ್ವರ್‌ನಲ್ಲಿ ಎರಡಕ್ಕೂ 'ಗಮನಿಸಿದ್ದಾರೆ' ಅಂತ ಒಂದೇ ಉತ್ತರ ಕಳಿಸಿದ್ರೆ ಆಯ್ತು. ಆದ್ರೆ..."

"ಆದ್ರೆ ಏನು?"

"ನಿಮ್ಮ ಇಮೇಲಿನ ನಾಲ್ಕನೇ ವಿಷಯಕ್ಕೆ ಅಂತಲೇ ಮಾಡಿದ್ದು. ಬರೀ ತೆರೆದಿದ್ದಕ್ಕಿಂತ ಪೂರ್ತಿ ಕೇಳಿದ್ದು ಗಟ್ಟಿ ಸಾಕ್ಷಿ. ಗಣಿತದ ಮೇಡಂ ಬೆಳಿಗ್ಗೆ ತಾನೇ ಬಹಳ ಚೆನ್ನಾಗಿದೆ ಅಂತ ಬರೆದಿದ್ದಾರೆ. ಈಗ ತೆಗೆದ್ರೆ ನಾಳೆ ಅವರು ಮತ್ತೆ ಹಾಕು ಅಂತಾರೆ. ನನ್ನ ಪಾಲುದಾರ ಬಾಯಿಮಾತಿನ ಬದಲಾವಣೆ ಮುಟ್ಟಬೇಡ ಅಂತ ಖಡಾಖಂಡಿತ ಹೇಳಿದ್ದಾನೆ. ನೀವು ಇಮೇಲ್‌ನಲ್ಲಿ ಕಾರಣ ಬರೆದು ಕಳಿಸಿ ಮೇಡಂ. ಆ ಅಭ್ಯಾಸ ನೀವೇ ಕಲಿಸಿದ್ದು."

ಫೋನಿಟ್ಟು ಕಂಪ್ಯೂಟರಿನ ಮುಂದೆ ಕೂತರು. ಊಟದ ಡಬ್ಬಿ ಮುಚ್ಚಿದ ಹಾಗೇ ಇತ್ತು. ಹೊರಗೆ ಮಕ್ಕಳು ಕೈತೊಳೆಯುವ ನಲ್ಲಿಗಳ ಹತ್ತಿರ ಗಲಾಟೆ ಎಬ್ಬಿಸಿದ್ದರು. 'ಓದಿದ್ದಾರೆ ಮತ್ತು ಕೇಳಿದ್ದಾರೆ ಎಂಬ ಭೇದವನ್ನು ಈಗಿಂದೀಗಲೇ ತೆಗೆಯಬೇಕೆಂದು ಕೋರುತ್ತೇನೆ. ಎರಡಕ್ಕೂ ಒಂದೇ ಗುರುತಿರಲಿ. ಈವರೆಗೆ ದಾಖಲಾದದ್ದನ್ನೂ ಹಾಗೆಯೇ ಒಂದಾಗಿಸಬೇಕು' ಎಂದು ಬರೆದರು. ಅಲ್ಲಿಯವರೆಗೆ ಕೈ ಓಡಿತು. 'ಕಾರಣ' ಎಂದು ಬರೆದು ಎರಡು ಚುಕ್ಕಿ ಇಟ್ಟ ಮೇಲೆ ನಿಂತುಬಿಟ್ಟಿತು.

ನಿಜ ಬರೆದರೆ ಒಂದು ಸಾಲು ಸಾಕು. ಹೆಸರು ಬೇಕಿಲ್ಲ, 'ಓದಲು ಬಾರದ ಪೋಷಕರಿದ್ದಾರೆ' ಎಂದರೆ ಸಾಕು. ಆದರೆ ಅಷ್ಟು ಬರೆದರೆ ಆ ಹುಡುಗ ಪಟ್ಟಿಯತ್ತ ಒಮ್ಮೆ ಕಣ್ಣು ಹಾಯಿಸಿದರೂ ಸಾಕು, ಬರೀ ಕಿವಿ ಇರುವ ಹೆಸರು ತಾನಾಗಿಯೇ ಎದ್ದು ಕಾಣುತ್ತದೆ. ಅವನ ಪಾಲುದಾರ ಓದುತ್ತಾನೆ. ಇಮೇಲ್ ಎನ್ನುವುದು ಎಲ್ಲಿಂದ ಎಲ್ಲಿಗೆ ಹೋಗುತ್ತದೋ ಯಾರು ಬಲ್ಲರು. ಹಾಗಾದರೆ ಸುಳ್ಳು? 'ಗುರುತುಗಳು ಗೊಂದಲ ಉಂಟುಮಾಡುತ್ತಿವೆ' ಎಂದು ಬರೆದರು. ಓದಿದರು. ಮುಖ ಬಿಸಿಯಾಯಿತು. ಎಷ್ಟು ಮಕ್ಕಳು ಇದೇ ಮೇಜಿನ ಮುಂದೆ ಇಂಥ ಸುಳ್ಳು ಹೊತ್ತು ತಂದು ನಿಂತಿಲ್ಲ! ಎಲ್ಲವನ್ನೂ ಅಳಿಸಿದರು. ಕೊನೆಗೆ 'ಕಾರಣ' ಎಂಬ ಪದವನ್ನೇ ಅಳಿಸಿ, ತಮ್ಮ ಹೆಸರು ಹಾಕಿ, ಕಳಿಸಿಬಿಟ್ಟರು. ಜೀವಮಾನದಲ್ಲಿ ಮೊದಲ ಸಲ.

ಒಂದು ನಿಮಿಷ ಕಳೆದಿರಲಿಲ್ಲ, ಫೋನು ಬಡಿದುಕೊಂಡಿತು.

"ಮೇಡಂ, ಕಾರಣ ಬಿಟ್ಟುಹೋಗಿದೆ."

"ಬಿಟ್ಟುಹೋಗಿಲ್ಲ. ಬರೆದಿಲ್ಲ."

ಗಂಟೆ ಹೊಡೆಯಿತು, ಊಟದ ಬಿಡುವು ಮುಗಿಯಿತು. ಕೊನೆಯ ಪಿರಿಯಡ್‌ಗೆ ಇನ್ನು ಎರಡೇ ಪಿರಿಯಡ್ ಬಾಕಿ.

"ಮೇಡಂ, ಬೇಜಾರು ಮಾಡ್ಕೋಬೇಡಿ. ಆರು ಜನ ಕೇಳಿದ್ದನ್ನ ಒಂದು ಕಾರಣನೂ ಇಲ್ಲದೆ ತೆಗೆಯೋದು ಅಂದ್ರೆ..."

"ನೋಡಪ್ಪ" ಎಂದರು ಪ್ರಿನ್ಸಿಪಾಲರು. "ಕಾರಣ ಇದೆ. ಹೇಳೋ ಹಾಗಿಲ್ಲ. ಹೇಳಿದ್ರೆ ಆ ಬದಲಾವಣೆ ಮಾಡಿದ್ದೂ ಒಂದೇ, ಬಿಟ್ಟದ್ದೂ ಒಂದೇ. ನಿನಗೆ ಬೇರೆ ಯಾರಾದ್ರೂ ಹೀಗೆ ಹೇಳಿದ್ರೆ ಒಪ್ಪಬೇಡ ಅಂತ ನಾನೇ ಹೇಳ್ತೀನಿ. ನನ್ನದು ಒಂದ್ಸಲ ಒಪ್ಪು."

ಅವನ ಉಸಿರು ಕೇಳುತ್ತಿತ್ತು. ಒಬ್ಬ ಹಳೆಯ ವಿದ್ಯಾರ್ಥಿಯ ಮುಂದೆ ಹೀಗೆ ಕೈಯೊಡ್ಡಿ ಕೂರುವುದು ಅವರಿಗೆ ಅವಮಾನವೆನಿಸಿತು. ಅವಮಾನವಾದರೂ ಫೋನು ಕಿವಿಯಿಂದ ತೆಗೆಯಲಿಲ್ಲ.

"ಯಾರೋ ಒಬ್ಬರ ವಿಷಯ ಅಲ್ವಾ ಮೇಡಂ?" ಎಂದನವನು ಮೆಲ್ಲಗೆ.

"ನಾನು ಹಾಗಂದಿಲ್ಲ."

"ಇಲ್ಲ ಮೇಡಂ, ಅಂದಿಲ್ಲ. ನಾನೂ ಏನೂ ಕೇಳಿಲ್ಲ." ಕೀಲಿಮಣೆಯ ಸದ್ದು ಶುರುವಾಯಿತು. "ಪಾಲುದಾರನಿಗೆ ಏನು ಹೇಳ್ಬೇಕೋ ನಾನು ಹೇಳ್ಕೋತೀನಿ."

"ಹಳೇ ದಾಖಲೆ ಬದಲಾಯಿಸುವಾಗ ಒಂದೊಂದೇ ಹೆಸರು ನೋಡ್ತಾ ಕೂರಬೇಡ."

"ಹೆಸರು ಕಣ್ಣಿಗೇ ಬೀಳಲ್ಲ ಮೇಡಂ. 'ಓದಿದ್ದಾರೆ', 'ಕೇಳಿದ್ದಾರೆ' ಅಂತಿರೋದೆಲ್ಲ 'ಗಮನಿಸಿದ್ದಾರೆ' ಆಗಲಿ ಅಂತ ಒಂದೇ ಆದೇಶ ಕೊಟ್ರೆ ಎಲ್ಲಾ ಒಟ್ಟಿಗೆ ಬದಲಾಗುತ್ತೆ. ಆದ್ರೆ ಮೊದಲು ನಕಲು ಪ್ರತಿಯಲ್ಲಿ ಮಾಡಿ ನೋಡ್ಬೇಕು, ನೇರ ಕೈಹಾಕಿದ್ರೆ ಎಡವಟ್ಟಾಗುತ್ತೆ. ಇನ್ನೊಂದು ವಿಷಯ. ಗಣಿತದ ಮೇಡಂ ಫೋನಲ್ಲಿ ಹಳೇ ಪಟ್ಟಿ ಉಳಿದಿರುತ್ತೆ. ಅವರು ಅದನ್ನ ಕೆಳಗೆಳೆದು ಹೊಸದಾಗಿ ತರಿಸೋವರೆಗೂ ಹಳೇ ಗುರುತೇ ಕಾಣುತ್ತೆ. ಅದು ನನ್ನ ಕೈಲಿಲ್ಲ."

ಆಮೇಲಿನ ಎರಡು ಪಿರಿಯಡ್ ಪ್ರಿನ್ಸಿಪಾಲರು ಕಳೆದದ್ದು ಮುಳ್ಳಿನ ಮೇಲೆ ಕೂತಂತೆ. ಯಾವುದೋ ಕಾಗದಕ್ಕೆ ಸಹಿ ಹಾಕಿದರು, ಎಲ್ಲಿ ಹಾಕಿದೆನೆಂದು ಮತ್ತೆ ನೋಡಿದರು. ಕೊನೆಯ ಪಿರಿಯಡ್‌ನ ಗಂಟೆ ಹೊಡೆದಾಗಲೂ ಡೆವಲಪರ್‌ನಿಂದ ಸುದ್ದಿಯಿಲ್ಲ. ಏಳನೇ ತರಗತಿಗೆ ಹೋಗಬೇಕಿದ್ದವರು ಮೆಟ್ಟಿಲ ಹತ್ತಿರ ತಿರುಗಿ ಸ್ಟಾಫ್ ರೂಮಿನತ್ತ ನಡೆದರು.

ಉದ್ದನೆಯ ಮೇಜಿನ ತುದಿಯಲ್ಲಿ ಗಣಿತದ ಟೀಚರ್ ಫೋನು ಹಿಡಿದು ಕೂತಿದ್ದರು. ಇಬ್ಬರು ಟೀಚರ್‌ಗಳು ಆಗಲೇ ಕುರ್ಚಿ ಎಳೆದುಕೊಂಡು ಹತ್ತಿರ ಸರಿಯುತ್ತಿದ್ದರು.

"ಬನ್ನಿ ಮೇಡಂ, ಇದೇ ತೋರಿಸ್ತಿದ್ದೆ. ಕಿವಿ ಕಥೆ."

ಆಗ ಪ್ರಿನ್ಸಿಪಾಲರ ಕೈಯಲ್ಲಿದ್ದ ಫೋನು ಒಮ್ಮೆ ಅದುರಿತು. 'ಆಯಿತು ಮೇಡಂ' ಎಂದು ಎರಡೇ ಪದ. ಅವರು ಟೀಚರ್‌ನ ಭುಜದ ಹಿಂದೆ ಹೋಗಿ ನಿಂತರು. ಪರದೆಯ ಮೇಲೆ ಹಳೆಯ ಪಟ್ಟಿ ಇನ್ನೂ ಹಾಗೇ ಇತ್ತು. ಕಣ್ಣು, ಕಣ್ಣು, ಕಿವಿ, ಕಣ್ಣು. ಟೀಚರ್‌ನ ಬೆರಳು ಹೆಸರುಗಳ ಮೇಲೆ ಇಳಿಯುತ್ತಾ ಬಂತು. ಇನ್ನು ನಾಲ್ಕು ಹೆಸರು ಕೆಳಗೆ ಟೈಲರಮ್ಮ.

"ತಡೀರಿ" ಎಂದರು ಪ್ರಿನ್ಸಿಪಾಲರು. "ಇವತ್ತು ಮಧ್ಯಾಹ್ನ ಕಳಿಸಿದ ಸಂದೇಶನ ಎಷ್ಟು ಜನ ನೋಡಿದ್ದಾರೆ ಅಂತ ಮೊದಲು ತೋರಿಸಿ. ಹೊಸದಾಗಿ ತರಿಸಿ ನೋಡೋಣ."

ಟೀಚರ್ ಪಟ್ಟಿಯನ್ನು ಕೆಳಗೆಳೆದರು. ಸಣ್ಣ ಚಕ್ರವೊಂದು ಸುತ್ತತೊಡಗಿತು. ಆ ಕೋಣೆಯಲ್ಲಿ ಸಿಗ್ನಲ್ಲು ಮೊದಲೇ ಅಷ್ಟಕ್ಕಷ್ಟೆ. ಸುತ್ತಿತು, ಸುತ್ತಿತು. ಪ್ರಿನ್ಸಿಪಾಲರು ಕುರ್ಚಿಯ ಬೆನ್ನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತರು. ಪಟ್ಟಿ ಒಮ್ಮೆ ಮಿಟುಕಿ ಮತ್ತೆ ಬಂತು. ಮೇಲಿಂದ ಕೆಳಗಿನವರೆಗೆ ಒಂದೇ ಹಸಿರು ಗುರುತು. 'ಗಮನಿಸಿದ್ದಾರೆ', 'ಗಮನಿಸಿದ್ದಾರೆ', ಅಲ್ಲೊಂದು ಇಲ್ಲೊಂದು 'ತಲುಪಿದೆ'.

"ಅಯ್ಯೋ, ಇದೇನಾಯ್ತು? ಕಿವಿ ಎಲ್ಲಿ ಹೋಯ್ತು?"

"ನಾನೇ ತೆಗೆಸಿದೆ" ಎಂದರು ಪ್ರಿನ್ಸಿಪಾಲರು.

ಮೂರೂ ಜನ ತಿರುಗಿ ಅವರ ಮುಖ ನೋಡಿದರು. ಕಾರಣಕ್ಕಾಗಿ ಕಾಯುತ್ತಿದ್ದರು. ಕಾಯುವುದು ಎಂದರೇನೆಂದು ಅವರಿಂದಲೇ ಕಲಿತವರು. ಪ್ರಿನ್ಸಿಪಾಲರು ಕನ್ನಡಕ ಮೇಲೇರಿಸಿ, "ತರಗತಿಗೆ ಹೊತ್ತಾಯ್ತು" ಎಂದು ಹೊರಟುಬಿಟ್ಟರು. ಬಾಗಿಲು ದಾಟಿದ ಮೇಲೆ ಹಿಂದಿನಿಂದ ಗುಸುಗುಸು ಕೇಳಿಸಿತು. ಶಾಲೆಯ ಮಾಲೀಕರ ಕಡೆಯವರು ಯಾರೋ ಹೇಳಿಸಿರಬೇಕು ಎಂದು ಒಬ್ಬರು, ವಯಸ್ಸಾಯಿತು, ಮನಸ್ಸಿಗೆ ಬಂದಂತೆ ಮಾಡುತ್ತಾರೆ ಎಂದು ಇನ್ನೊಬ್ಬರು. ಆದರೂ ನಡೆದರು.

ಗುಸುಗುಸು ಅಲ್ಲಿಗೆ ನಿಲ್ಲಲಿಲ್ಲ. ಮುಂದಿನ ಪೋಷಕರ ಸಭೆಯ ಹೊತ್ತಿಗೆ ಅದು ಹೊರಗೂ ಹಬ್ಬಿತ್ತು. ಹೊಲಿಸಿದ್ದು ತರಲು ಹೋದ ಗಣಿತದ ಟೀಚರ್ ಕಿವಿಯ ಕಥೆ ಕೇಳಿದಾಗ, ಸೂಜಿ ನೋಡಿ ಕಣ್ಣು ಸೋತಿರುತ್ತೆ ಎಂದು ಹೇಳಿ ಕಳಿಸಿದ ಟೈಲರಮ್ಮನಿಗೆ, ಮೇಡಂ ಅದನ್ನು ತೆಗೆಸಿದ್ದು ಯಾರಿಗಾಗಿ ಎಂದು ಅರ್ಥವಾಗಿತ್ತು. ಬ್ಯಾಂಕಿನಲ್ಲಿ ಅಧಿಕಾರಿಯಾಗಿದ್ದ ಒಬ್ಬ ತಂದೆ, ಮಾತಿಗೆ ಮೊದಲು ಕೆಮ್ಮುವ ಮನುಷ್ಯ, ಎದ್ದು ನಿಂತರು.

"ಮೇಡಂ, ಓದಿದ್ದು ಯಾರು, ಕೇಳಿದ್ದು ಯಾರು ಅಂತ ತೋರಿಸೋ ವ್ಯವಸ್ಥೆ ಇತ್ತಂತೆ. ಒಂದೇ ಮಧ್ಯಾಹ್ನದಲ್ಲಿ ಮಾಯ ಆಯ್ತಂತೆ. ನಮ್ಮ ಅಭಿಪ್ರಾಯ ತಗೊಂಡು ಮಾಡಿದ್ದನ್ನ ನಮ್ಮನ್ನ ಕೇಳದೆ ತೆಗೆದಿದ್ದು ಯಾಕೆ? ಕಾರಣ ತಿಳಿಸಬೇಕು."

"ತೆಗೆಸಿದ್ದು ನಾನು. ಕಾರಣ ಹೇಳೋ ಹಾಗಿಲ್ಲ."

ಸಭೆಯಲ್ಲಿ ಒಂದು ಗುಜುಗುಜು ಎದ್ದಿತು. ಕಾರಣ ಮೇಡಂ ಬಾಯಲ್ಲಿ ಈ ಮಾತೇ? ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಗಣಿತದ ಟೀಚರ್ ನೆಲ ನೋಡುತ್ತ ಕೂತರು. ಬ್ಯಾಂಕಿನವರು ಮತ್ತೊಮ್ಮೆ ಕೆಮ್ಮಿ, "ಹಾಗಂದ್ರೆ ಹೇಗೆ? ಯಾರೋ ಒಬ್ಬರಿಗೆ ಅನುಕೂಲ ಮಾಡಿಕೊಟ್ಟ ಹಾಗೆ ಕಾಣುತ್ತಪ್ಪ. ಯಾರಿಗೆ? ಪ್ರತಿನಿಧಿಗಳು ಏನಂತಾರೆ?" ಎಂದು ಟೈಲರಮ್ಮನ ಕಡೆ ತಿರುಗಿದರು.

ಎಲ್ಲರ ಕಣ್ಣೂ ಅತ್ತ ತಿರುಗಿದವು. ಟೈಲರಮ್ಮ ಮೊದಲ ಸಾಲಿನಲ್ಲಿ, ಮಡಿಲಲ್ಲಿ ಕೈ ಇಟ್ಟುಕೊಂಡು ಕೂತಿದ್ದರು. ಪ್ರಿನ್ಸಿಪಾಲರಿಗೆ ಒಂದೇ ಯೋಚನೆ. ಈಯಮ್ಮ ಈಗ ಎದ್ದು ನಿಜ ಹೇಳಿಬಿಟ್ಟರೆ, ಅಥವಾ ಅತ್ತುಬಿಟ್ಟರೆ, ಇಷ್ಟೆಲ್ಲ ಯಾಕೆ ಮಾಡಿದ್ದು?

ಟೈಲರಮ್ಮ ಎದ್ದರು. "ನಾನೇನು ಹೇಳೋದು?" ಎಂದವರ ದನಿ ಮೊದಲು ನಡುಗಿತು. ಆಮೇಲೆ ಆ ಹೆಸರಾಂತ ಬಾಯಿ ತೆರೆದುಕೊಂಡಿತು. "ಮೇಡಂ ಮಾಡಿದ್ದು ಸರಿಯಿಲ್ಲ! ಮೂವತ್ತು ಜನರ ಮಕ್ಕಳ ವಿಷಯ ಇದು, ಒಬ್ಬರ ಮನಸ್ಸಿಗೆ ಬಂದ ಹಾಗೆ ಮಾಡೋಕೆ ಶಾಲೆ ಏನು ಇವರ ಮನೆಯಾ? ನಮ್ಮನ್ನೊಂದು ಮಾತು ಕೇಳ್ಬೇಕಿತ್ತು. ಇನ್ನು ಮುಂದೆ ಕೇಳದೆ ಏನೂ ಮುಟ್ಟಬಾರ್ದು!"

ಚಪ್ಪಾಳೆ ಬಿತ್ತು. ಬ್ಯಾಂಕಿನವರು ತೃಪ್ತಿಯಿಂದ ಕೂತರು. ಪ್ರಿನ್ಸಿಪಾಲರ ಕಣ್ಣು ಉರಿಯಿತು. ಯಾರಿಗಾಗಿ ಇಷ್ಟು ವರ್ಷದ ಹೆಸರನ್ನು ಒತ್ತೆ ಇಟ್ಟರೋ ಅವರ ಬಾಯಿಂದಲೇ ಇಂಥ ಮಾತು. ನೋವಾಯಿತು, ಸಿಟ್ಟೂ ಬಂತು. ಸುಳ್ಳೇಕೆ ಹೇಳಬೇಕು? ಆದರೆ ಅದರ ಹಿಂದೆಯೇ ಎದೆಯಲ್ಲಿ ಏನೋ ಹಗುರವಾಯಿತು. ಇನ್ನು ಈ ಊರಿನಲ್ಲಿ ಯಾರೂ ಆ ಹೆಂಗಸಿನ ಕಡೆ ಬೆರಳು ತೋರಿಸುವುದಿಲ್ಲ.

"ತಪ್ಪು ನನ್ನದು. ಮುಂದೆ ಕೇಳಿಯೇ ಮಾಡ್ತೀನಿ" ಎಂದು ಕೂತರು.

ಸಭೆ ಮುಗಿದು, ಜನ ಚದುರಿ, ಜವಾನ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದ. ಪ್ರಿನ್ಸಿಪಾಲರು ಕೋಣೆಗೆ ಹೋಗಿ ಫೈಲುಗಳನ್ನು ಚೀಲಕ್ಕೆ ತುಂಬುತ್ತಿದ್ದಾಗ ಬಾಗಿಲ ಬಳಿ ಟೈಲರಮ್ಮ ನಿಂತಿದ್ದರು.

"ಬೈದುಬಿಟ್ಟೆ ಮೇಡಂ. ಎಲ್ಲಾರೂ ನನ್ನ ಮುಖಾನೇ ನೋಡ್ತಾ ಇದ್ರು. ನನಗೆ ಇನ್ನೇನೂ ತೋಚಲಿಲ್ಲ." ತಲೆಯೆತ್ತಲಿಲ್ಲ.

"ಜೋರಾಗೇ ಬೈದ್ರಿ."

"ಇನ್ನೂ ಸ್ವಲ್ಪ ಕಡಿಮೆ ಬೈಬಹುದಿತ್ತು."

"ಕಡಿಮೆ ಬೈದಿದ್ರೆ ಯಾರೂ ನಂಬ್ತಿರ್ಲಿಲ್ಲ. ಹೋಗ್ಲಿ ಬಿಡಿ" ಎಂದರು ಪ್ರಿನ್ಸಿಪಾಲರು. ಪೂರ್ತಿ ಮನಸ್ಸಿನಿಂದಲ್ಲ, ಆದರೆ ಎಂದರು. ಚೀಲದ ಜಿಪ್ಪು ಎಳೆದು, ಕೇಳಬೇಕೆಂದಿದ್ದ ಒಂದೇ ಪ್ರಶ್ನೆ ಕೇಳಿದರು. "ಆ ಗುಂಡಿ ಉಪಯೋಗಕ್ಕೆ ಬರ್ತಾ ಇದೆಯಾ?"

ಟೈಲರಮ್ಮ ತಟ್ಟನೆ ತಲೆಯೆತ್ತಿದರು. ಮುಖ ಅರಳಿತು. ಒಳಗೆ ಬಂದು, ದನಿ ತಗ್ಗಿಸಿ, ಮೇಜಿನ ಮೇಲೆ ಬಾಗಿದರು.

"ಮೊನ್ನೆ ಗಣಿತದ ಟೀಚರ್ ಕಳಿಸಿದ್ರಲ್ಲ, ಪರೀಕ್ಷೇಲಿ ನಿಮ್ಮ ಮಗಳಿಗೆ ಕಡಿಮೆ ಬಂದಿದೆ, ಉತ್ತರಪತ್ರಿಕೆಗೆ ಸಹಿ ಹಾಕಿ ಕಳಿಸಿ ಅಂತ. ಅಂಗಡೀಲೇ ಕೇಳಿಸ್ಕೊಂಡೆ. ಸಂಜೆ ಮಗಳು ಬಂದು ಫೋನು ತಗೊಂಡು ಓದಿ ಹೇಳಿದ್ಲು. 'ಅಮ್ಮಾ, ನಾಳೆ ಚಿತ್ರ ಬರೆಯೋ ಬಣ್ಣ ತರಬೇಕಂತೆ' ಅಂದ್ಲು ಮೇಡಂ! ಕಣ್ಣು ಒಂಚೂರು ಅಲುಗಾಡಲಿಲ್ಲ!"

"ಬೈದ್ರಾ?"

"ಎಲ್ಲಿ ಬೈಯ್ಯೋದು! ಹುಟ್ಟಿದಾಗಿಂದ ಮೊದಲನೇ ಸಲ ಅವಳ ಸುಳ್ಳು ನನ್ನ ಕೈಗೆ ಸಿಕ್ಕಿದ್ದು. ಎದೆಯೊಳಗೆ ಹೇಗಾಯ್ತು ಅಂತೀರಿ. ಮುಗುಮ್ಮಾಗಿ ಕೂತು, 'ಆಮೇಲೆ? ಇನ್ನೇನು ಬರೆದಿದ್ದಾರೆ, ಪೂರ್ತಿ ಓದು' ಅಂದೆ. ಪಾಪ, ಬೆವರೊರೆಸ್ಕೊಂಡು ಇನ್ನೂ ಎರಡು ಸಾಲು ಕಟ್ಟಿ ಓದಿದ್ಲು."

ಪ್ರಿನ್ಸಿಪಾಲರು ಕುರ್ಚಿಗೆ ಒರಗಿ ನಕ್ಕರು. ಎಷ್ಟೋ ದಿನದ ಮೇಲೆ ಬಂದ ನಗು, ನಿಲ್ಲಿಸಲಾಗಲಿಲ್ಲ. ಎದುರಿಗೆ ಟೈಲರಮ್ಮ ನಗುತ್ತಲೇ ಸೆರಗಿನಿಂದ ಕಣ್ಣು ಒತ್ತಿಕೊಂಡರು.